ಎಸ್‌ಐಪಿಯಲ್ಲಿ ಕೊಂಡ ಬೆಲೆ ತಗ್ಗುವುದು ಹೇಗೆ, ಎಷ್ಟು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಹೋಗುವಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದಿರಿ. ಬರುವಾಗ ಮಳೆ ಹಿಡಿಯಿತು, ಮುಂದೆ ಲಾರಿಗಳ ಸಾಲು. ವೇಗ 30ಕ್ಕೆ ಇಳಿಯಿತು. ಒಟ್ಟು ಪಯಣದ ಸರಾಸರಿ ವೇಗ ಎಷ್ಟು? ಬಾಯಿಗೆ ಮೊದಲು ಬರುವ ಉತ್ತರ 45. ಅದು ತಪ್ಪು. ಹೋಗಲು ಒಂದು ಗಂಟೆ, ಬರಲು ಎರಡು ಗಂಟೆ, ಒಟ್ಟು 120 ಕಿ.ಮೀ.ಗೆ ಮೂರು ಗಂಟೆ. ಸರಾಸರಿ 40. ನಿಧಾನವಾಗಿ ಸಾಗಿದ ದಾರಿಯಲ್ಲಿ ನೀವು ಹೆಚ್ಚು ಹೊತ್ತು ಇದ್ದಿರಿ, ಅದಕ್ಕೇ ಸರಾಸರಿಯೂ ನಿಧಾನದ ಕಡೆಗೇ ವಾಲಿತು.

ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಒಂದೇ ಮೊತ್ತ ಹಾಕುವ ಎಸ್‌ಐಪಿ ಮಾಡುವುದೂ ಇದೇ ಲೆಕ್ಕವನ್ನು. ಕಿಲೋಮೀಟರ್ ಇದ್ದ ಕಡೆ ರೂಪಾಯಿ ಇಡಿ, ಗಂಟೆ ಇದ್ದ ಕಡೆ ಯೂನಿಟ್ ಇಡಿ. ವೇಗ ಎಂಬುದು ಒಂದು ಯೂನಿಟ್ಟಿನ ಬೆಲೆಯಾಗುತ್ತದೆ. ಆ ಬೆಲೆಗೆ ಎನ್‌ಎವಿ ಎಂದು ಹೆಸರು. ಪ್ರತಿ ತಿಂಗಳೂ ಹಾಕುವ ರೂಪಾಯಿ ಒಂದೇ ಆದ್ದರಿಂದ, ಬೆಲೆ ಕಡಿಮೆ ಇದ್ದ ತಿಂಗಳಲ್ಲಿ ಯೂನಿಟ್‌ಗಳು ಹೆಚ್ಚು ಬರುತ್ತವೆ. ಕೊನೆಗೆ ಕೂಡಿದಾಗ ನಮ್ಮ ಕೈಯಲ್ಲಿರುವ ಯೂನಿಟ್‌ಗಳಲ್ಲಿ ಅಗ್ಗಕ್ಕೆ ಕೊಂಡವೇ ಹೆಚ್ಚು. ಗಣಿತದವರು ಇದನ್ನು ಹಾರ್ಮೋನಿಕ್ ಸರಾಸರಿ ಎನ್ನುತ್ತಾರೆ. ಬೆಲೆಗಳು ಏರಿಳಿದಿದ್ದರೆ ಅದು ಮಾಮೂಲಿ ಸರಾಸರಿಗಿಂತ ಕಡಿಮೆಯೇ ಇರುತ್ತದೆ. ಇದು ಮಾರುಕಟ್ಟೆಯ ಕೃಪೆಯಲ್ಲ, ಭಾಗಾಕಾರದ ಗುಣ.

ಎಷ್ಟು ಕಡಿಮೆ ಎಂಬುದೇ ಸ್ವಾರಸ್ಯದ ಪ್ರಶ್ನೆ. ದಾವಣಗೆರೆಯ ಒಬ್ಬ ಶಾಲಾ ಶಿಕ್ಷಕಿ ತಿಂಗಳಿಗೆ 5,000 ರೂಪಾಯಿಯಂತೆ ಆರು ತಿಂಗಳು ಹಾಕಿದರು ಎಂದುಕೊಳ್ಳೋಣ. ಆಕೆಯ ಫಂಡಿನ ಎನ್‌ಎವಿ ಆ ಆರು ತಿಂಗಳಲ್ಲಿ ಹೀಗೆ ನಡೆಯಿತು: 50, 40, 32, 40, 40, 50. ಐವತ್ತರಿಂದ ಮೂವತ್ತೆರಡಕ್ಕೆ ಎಂದರೆ ಶೇ 36ರ ಕುಸಿತ. ಇದು ಉತ್ಪ್ರೇಕ್ಷೆಯಲ್ಲ. 2020ರ ಜನವರಿಯಲ್ಲಿ 12,300ರ ಮೇಲಿದ್ದ ಷೇರು ಸೂಚ್ಯಂಕ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಬಂದು ನಿಂತಿತ್ತು. ಅದು ಶೇ 38ರಷ್ಟು ಇಳಿತ. ಮರಳಿ ಜನವರಿಯ ಮಟ್ಟಕ್ಕೆ ಏರಿದ್ದು ನವೆಂಬರ್‌ನಲ್ಲಿ. ನಮ್ಮ ಉದಾಹರಣೆಯಲ್ಲಿ ಅದನ್ನು ಆರು ತಿಂಗಳಿಗೆ ಒತ್ತಿದ್ದೇವೆ, ಅಷ್ಟೇ.

ಮೊದಲ ತಿಂಗಳು 5,000ಕ್ಕೆ 100 ಯೂನಿಟ್ ಬಂದವು. ಬೆಲೆ 40 ಇದ್ದಾಗ 125. ಬೆಲೆ 32ಕ್ಕೆ ಕುಸಿದ ತಿಂಗಳು 156.25. ಆಮೇಲೆ ಎರಡು ಸಲ 125, ಕೊನೆಗೆ ಮತ್ತೆ 100. ಒಟ್ಟು 731.25 ಯೂನಿಟ್, ಹಾಕಿದ್ದು 30,000. ಒಂದು ಯೂನಿಟ್ಟಿಗೆ ಬಿದ್ದದ್ದು 41.03 ರೂಪಾಯಿ. ಆರು ಬೆಲೆಗಳ ಮಾಮೂಲಿ ಸರಾಸರಿ 42. ಪ್ರತಿ ತಿಂಗಳೂ ತಪ್ಪದೆ 100 ಯೂನಿಟ್ಟೇ ಕೊಳ್ಳುತ್ತೇನೆಂದು ಹೊರಟವರಿಗೆ ಬೀಳುತ್ತಿದ್ದ ಬೆಲೆ ಆ 42.

ಅಂದರೆ ಎಸ್‌ಐಪಿಯ ಗಣಿತ ಗಳಿಸಿಕೊಟ್ಟದ್ದು ಯೂನಿಟ್ಟಿಗೆ 97 ಪೈಸೆ, ಶೇ 2.3. ಅಷ್ಟು ದೊಡ್ಡ ಕುಸಿತ ಕಂಡರೂ ಇಷ್ಟೇ. ಏಜೆಂಟರ ಬಾಯಲ್ಲಿ ಈ ‘ಆವರೇಜಿಂಗ್’ ಯಾವುದೋ ರಕ್ಷಾಕವಚದಂತೆ ಕೇಳಿಸುತ್ತದೆ. ಅಂಕಿಗಳಲ್ಲಿ ನೋಡಿದರೆ ಅದು ಸಣ್ಣ ರಿಯಾಯಿತಿ. ಅಂದಾಜಿಗೆ ಒಂದು ಸುಲಭ ದಾರಿಯಿದೆ. ಬೆಲೆಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಶೇಕಡಾದಲ್ಲಿ ಹಿಡಿದು (ಸಂಖ್ಯಾಶಾಸ್ತ್ರದ ಮಾನಕ ವಿಚಲನೆ ಇದು), ಅದರ ವರ್ಗ ಮಾಡಿ. ನಮ್ಮ ಉದಾಹರಣೆಯಲ್ಲಿ ಚದುರಿಕೆ ಶೇ 15, 0.15ನ್ನು 0.15ರಿಂದ ಗುಣಿಸಿದರೆ 0.0225, ಅಂದರೆ ಶೇ 2ರ ಮೇಲೆ ಸ್ವಲ್ಪ. ಚದುರಿಕೆ ಶೇ 10 ಇದ್ದರೆ ರಿಯಾಯಿತಿ ಶೇ 1 ಮಾತ್ರ. ಶಾಂತವಾಗಿ ಏರುವ ಮಾರುಕಟ್ಟೆಯಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ.

ಹಾಗಾದರೆ ಲಾಭ ಎಲ್ಲಿಂದ ಬರುತ್ತದೆ? ಕೊನೆಯ ದಿನದ ಬೆಲೆಯಿಂದ. ಕೊನೆಯಲ್ಲಿ ಎನ್‌ಎವಿ 50 ಇದ್ದುದರಿಂದ ಶಿಕ್ಷಕಿಯ 731.25 ಯೂನಿಟ್ಟಿನ ಬೆಲೆ 36,562 ರೂಪಾಯಿ. ಅದೇ ಆರು ಬೆಲೆಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ನೋಡಿ: 50, 50, 40, 40, 40, 32. ಯೂನಿಟ್ ಅಷ್ಟೇ, 731.25. ಕೊಂಡ ಬೆಲೆಯೂ ಅದೇ 41.03. ಆದರೆ ಕೊನೆಯಲ್ಲಿ ಕೈಗೆ ಬರುವುದು 23,400. ಹಾಕಿದ 30,000ದಲ್ಲಿ 6,600 ಕರಗಿಹೋಯಿತು. ಬೆಲೆಗಳು ಯಾವ ಕ್ರಮದಲ್ಲಿ ಬಂದವು ಎಂಬುದು ಸರಾಸರಿಗೆ ಲೆಕ್ಕವೇ ಇಲ್ಲ. ನಿಮ್ಮ ಜೇಬಿಗೆ ಅದೇ ಎಲ್ಲ.

ಎಲ್ಲ ದುಡ್ಡನ್ನೂ ಮೊದಲ ದಿನವೇ ಹಾಕಿದ್ದರೆ? ಮೊದಲ ಕ್ರಮದಲ್ಲಿ 50ರಂತೆ 600 ಯೂನಿಟ್ ಬಂದು, ಕೊನೆಗೆ 30,000 ಹಾಗೇ ಉಳಿಯುತ್ತಿತ್ತು, ಎಸ್‌ಐಪಿ ಗೆದ್ದಿತು. ಇಳಿಯುತ್ತ ಹೋದ ಎರಡನೆಯ ಕ್ರಮದಲ್ಲಿ ಒಟ್ಟಿಗೆ ಹಾಕಿದವರ ಬಳಿ 19,200 ಉಳಿಯುತ್ತಿತ್ತು. ಎಸ್‌ಐಪಿಯಲ್ಲಿ ನಷ್ಟವಾದರೂ ಕಡಿಮೆಯೇ ಆಯಿತು. ಈಗ ಏರುವ ಕ್ರಮ: 32, 40, 40, 40, 50, 50. ಮೊದಲ ದಿನವೇ 32ರಂತೆ ಕೊಂಡವರಿಗೆ 937.5 ಯೂನಿಟ್, ಕೊನೆಗೆ 46,875 ರೂಪಾಯಿ. ಎಸ್‌ಐಪಿಯವರಿಗೆ ಅದೇ 36,562. ಏರುವ ಮಾರುಕಟ್ಟೆಯಲ್ಲಿ ಪ್ರತಿ ಕಂತೂ ಹಿಂದಿನ ಕಂತಿಗಿಂತ ದುಬಾರಿ. ದುಡ್ಡು ಕೈಯಲ್ಲಿದ್ದೂ ಬಿಡಿಬಿಡಿಯಾಗಿ ಹಾಕಿದರೆ, ಇಳಿತದ ಭಯಕ್ಕೆ ಕಟ್ಟುವ ವಿಮೆಯ ಕಂತು ಅದು.

ನಮ್ಮ ಭಾಗದಲ್ಲಿ ಈ ಪ್ರಶ್ನೆ ಸಂಬಳದವರಿಗಿಂತ ರೈತರಿಗೇ ಹೆಚ್ಚು ತಟ್ಟುವುದು. ಮೆಕ್ಕೆಜೋಳವನ್ನೋ ಅಡಿಕೆಯನ್ನೋ ಮಾರಿದ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಒಮ್ಮೆಗೇ ಬರುತ್ತದೆ. ಅಂಥವರು ತಿಂಗಳ ಎಸ್‌ಐಪಿ ಕಟ್ಟಿಕೊಂಡು ಬೇಸಿಗೆಯಲ್ಲಿ ಖಾತೆ ಖಾಲಿಯಾಗಿ ಕಂತು ಬೌನ್ಸ್ ಮಾಡಿಕೊಳ್ಳುವುದಕ್ಕಿಂತ, ಇಡೀ ಮೊತ್ತವನ್ನು ಬೆಲೆ ಹೆಚ್ಚು ಏರಿಳಿಯದ ಲಿಕ್ವಿಡ್ ಫಂಡಿನಲ್ಲಿಟ್ಟು, ಅಲ್ಲಿಂದ ತಿಂಗಳಿಗಿಷ್ಟು ಎಂದು ಅದೇ ಕಂಪನಿಯ ಷೇರು ಫಂಡಿಗೆ ವರ್ಗಾಯಿಸುವ ಎಸ್‌ಟಿಪಿ ಹಾಕುವುದು ವಾಸಿ. ಗಣಿತ ಎಸ್‌ಐಪಿಯದ್ದೇ. ಒಂದು ಎಚ್ಚರ: ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡಿನ ಯೂನಿಟ್ ಮಾರಿದ ಲೆಕ್ಕ, ಅದರಲ್ಲಿ ಬಂದ ಸಣ್ಣ ಲಾಭಕ್ಕೂ ತೆರಿಗೆಯ ಲೆಕ್ಕ ಇಡಬೇಕು.

ಕಂತು ತಪ್ಪಿದರೆ ಸರಾಸರಿಗೆ ಏನಾಗುತ್ತದೆ? ಶಿಕ್ಷಕಿ ಕುಸಿತಕ್ಕೆ ಹೆದರಿ ಮೂರನೆಯ ಮತ್ತು ನಾಲ್ಕನೆಯ ತಿಂಗಳು ನಿಲ್ಲಿಸಿ, ಬೆಲೆ ಸುಧಾರಿಸಿತೆಂದು ಮತ್ತೆ ಶುರು ಮಾಡಿದರು ಎನ್ನಿ. ಆಗ ಹಾಕಿದ್ದು 20,000, ಬಂದದ್ದು 450 ಯೂನಿಟ್. ಕೊಂಡ ಬೆಲೆ 44.44. ಇಡೀ ಆರು ತಿಂಗಳ ಗಣಿತ 97 ಪೈಸೆ ಉಳಿಸಿತ್ತು. ಎರಡು ತಿಂಗಳ ಅಂಜಿಕೆ ಯೂನಿಟ್ಟಿಗೆ 3.41 ರೂಪಾಯಿ ಹೆಚ್ಚಿಸಿತು. ಎಸ್‌ಐಪಿಯ ನಿಜವಾದ ಉಪಯೋಗ ಇಲ್ಲಿದೆ ಎಂದು ನನ್ನ ಎಣಿಕೆ: ಅಗ್ಗದ ತಿಂಗಳಲ್ಲಿ ಮನಸ್ಸು ಬೇಡವೆಂದರೂ ಬ್ಯಾಂಕು ದುಡ್ಡು ಕಳಿಸಿಬಿಡುತ್ತದೆ. ಹೆದರಿ ನಿಲ್ಲಿಸದಿದ್ದರೂ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪಬಹುದು. ಆಗ ಫಂಡ್ ಕಂಪನಿ ದಂಡ ಹಾಕುವುದಿಲ್ಲ, ಬ್ಯಾಂಕು ಹಾಕುತ್ತದೆ. ತಿಂಗಳ ಕಂತು ಸತತ ಮೂರು ಸಲ ತಪ್ಪಿದರೆ ಸಾಮಾನ್ಯವಾಗಿ ಎಸ್‌ಐಪಿಯೇ ರದ್ದಾಗುತ್ತದೆ. ಹಳೆಯ ಯೂನಿಟ್‌ಗಳಿಗೆ ಏನೂ ಆಗುವುದಿಲ್ಲ. ಹೊಸ ಕಂತು ನಿಂತಿರುತ್ತದೆ, ಎಷ್ಟೋ ಜನರಿಗೆ ಗೊತ್ತಾಗುವುದು ತಿಂಗಳುಗಳ ಮೇಲೆ. ಸಂಬಳ ಬೀಳುವ ದಿನದಿಂದ ಐದಾರು ದಿನ ಬಿಟ್ಟು ಕಂತಿನ ತಾರೀಖು ಇಟ್ಟುಕೊಂಡರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಯಾವ ತಾರೀಖು ಅಗ್ಗ ಎಂದು ಹುಡುಕುತ್ತ ಕೂರುವುದು ವ್ಯರ್ಥ.

ಸ್ಟೇಟ್‌ಮೆಂಟ್ ಕೈಗೆ ಬಂದಾಗ ಎರಡು ವಿಷಯ ಗೊಂದಲ ಹುಟ್ಟಿಸುತ್ತವೆ. ಐದನೇ ತಾರೀಖಿನ ಕಂತಿಗೆ ಆರನೇ ತಾರೀಖಿನ ಎನ್‌ಎವಿ ಬಿದ್ದಿರಬಹುದು; 2021ರ ಫೆಬ್ರುವರಿ 1ರಿಂದ, ದುಡ್ಡು ಫಂಡಿನ ಖಾತೆಗೆ ನಿಜವಾಗಿ ತಲುಪಿದ ದಿನದ ಬೆಲೆಯೇ ಸಿಗುವುದು. ಇನ್ನೊಂದು, 50ರ ಬೆಲೆಗೆ 100 ಯೂನಿಟ್ ಬರುವ ಕಡೆ 99.995 ಎಂದಿರುತ್ತದೆ. ಅದು 2020ರ ಜುಲೈ 1ರಿಂದ ಕಡಿತವಾಗುತ್ತಿರುವ ಶೇ 0.005ರ ಸ್ಟಾಂಪ್ ಶುಲ್ಕ: ಐದು ಸಾವಿರಕ್ಕೆ 25 ಪೈಸೆ.

ಮಾರುವಾಗ ಇನ್ನೂ ಒಂದು ತೊಡಕು. ಆ್ಯಪ್ ತೋರಿಸುವ 41.03 ನಿಮ್ಮ ಸಮಾಧಾನಕ್ಕೆ. ತೆರಿಗೆಗೆ ಆ ಸರಾಸರಿ ನಡೆಯುವುದಿಲ್ಲ. ಮೊದಲು ಕೊಂಡದ್ದು ಮೊದಲು ಮಾರಿತು ಎಂಬುದು ನಿಯಮ. ಶಿಕ್ಷಕಿ 50ರ ಬೆಲೆಗೆ 100 ಯೂನಿಟ್ ಮಾರಿದರೆ, ಹೋದದ್ದು 50ಕ್ಕೇ ಕೊಂಡ ಮೊದಲ ಕಂತು. ಆ್ಯಪ್ ನೋಡಿದರೆ 897 ರೂಪಾಯಿ ಲಾಭ, ತೆರಿಗೆಯ ಲೆಕ್ಕದಲ್ಲಿ ಸೊನ್ನೆ. ಅಲ್ಪಾವಧಿ ತೆರಿಗೆ ತಪ್ಪಲು ಕಾಯಬೇಕಾದ ಒಂದು ವರ್ಷದ ಗಡುವನ್ನೂ ಪ್ರತಿ ಕಂತಿಗೆ ಬೇರೆಬೇರೆಯಾಗಿ ಎಣಿಸಬೇಕು. ಎಸ್‌ಐಪಿ ಶುರುವಾಗಿ ವರ್ಷವಾಯಿತೆಂದು ಎಲ್ಲವನ್ನೂ ಮಾರಿದರೆ, ಹನ್ನೊಂದನೆಯ ಕಂತಿಗೆ ಆಗಿರುವುದು ಎರಡು ತಿಂಗಳು ಮಾತ್ರ. ಅದಕ್ಕೆ ಅಲ್ಪಾವಧಿ ತೆರಿಗೆಯೂ ಬೀಳುತ್ತದೆ, ಫಂಡಿನಲ್ಲಿ ವರ್ಷದೊಳಗಿನ ನಿರ್ಗಮನ ಶುಲ್ಕವಿದ್ದರೆ ಅದೂ ಬೀಳುತ್ತದೆ.

ಸರಾಸರಿಯ ಈ ಶಕ್ತಿ ವರ್ಷ ಕಳೆದಂತೆ ಸವೆಯುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಮೊದಲ ಆರು ತಿಂಗಳಲ್ಲಿ ಪ್ರತಿ ಹೊಸ ಕಂತೂ ಒಟ್ಟು ಹಣದ ದೊಡ್ಡ ಪಾಲು, ಅದು ಸರಾಸರಿಯನ್ನು ಅಲುಗಿಸಬಲ್ಲದು. ಹತ್ತು ವರ್ಷ ಕಳೆದು 120 ಕಂತುಗಳಾಗಿ, ಗಂಟು 10 ಲಕ್ಷಕ್ಕೆ ಬೆಳೆದಿದೆ ಎನ್ನಿ. ಈಗ ಮಾರುಕಟ್ಟೆ ಶೇ 20 ಬಿದ್ದರೆ ಗಂಟಿನಿಂದ 2 ಲಕ್ಷ ಇಳಿಯುತ್ತದೆ. ಆ ತಿಂಗಳ ಅಗ್ಗದ ಕಂತಿನಿಂದ ಸಿಗುವ ಹೆಚ್ಚುವರಿ ಯೂನಿಟ್‌ಗಳ ಬೆಲೆ, ಹಳೆಯ ಎನ್‌ಎವಿಯಲ್ಲಿ ಹಿಡಿದರೂ, 1,250 ರೂಪಾಯಿ. ಕಂತು ಕಟ್ಟುತ್ತಿರುವುದು ಎಸ್‌ಐಪಿಯಲ್ಲೇ ಆದರೂ, ಆ ಹೊತ್ತಿಗೆ ಗಂಟು ಒಟ್ಟಿಗೆ ಹಾಕಿದ ದುಡ್ಡಿನಂತೆಯೇ ಏರಿಳಿಯುತ್ತಿರುತ್ತದೆ. ಮಗಳ ಇಂಜಿನಿಯರಿಂಗ್ ಫೀಸಿಗೆಂದು ಕೂಡಿಟ್ಟವರು ಕೊನೆಯ ಎರಡು ಮೂರು ವರ್ಷಗಳಲ್ಲಿ, ಬೇಕಾಗುವಷ್ಟನ್ನು ಕಂತುಕಂತಾಗಿಯೇ ಷೇರು ಫಂಡಿನಿಂದ ಸಾಲಪತ್ರಗಳ ಫಂಡಿಗೋ ಬ್ಯಾಂಕ್ ಠೇವಣಿಗೋ ಸಾಗಿಸಿಕೊಳ್ಳುವುದು ಇದಕ್ಕೇ. ಮಾರುವಾಗಲೂ ಕಂತಿನ ಮೊತ್ತವನ್ನೇ ಒಂದೇ ಸಮ ಇಟ್ಟರೆ ಗಣಿತ ತಿರುಗಿ ಬೀಳುತ್ತದೆ: ಬೆಲೆ ಇಳಿದ ತಿಂಗಳಲ್ಲಿ ಅಷ್ಟೇ ರೂಪಾಯಿಗೆ ಹೆಚ್ಚು ಯೂನಿಟ್ ಹೋಗುತ್ತದೆ. ಹೀಗಾಗಿ ಹೊರಬರುವಾಗ ತಿಂಗಳಿಗೆ ಇಷ್ಟು ರೂಪಾಯಿ ಎನ್ನುವ ಬದಲು ಇಷ್ಟು ಯೂನಿಟ್ ಎಂದು ಬರೆದುಕೊಡುವುದು ಲೇಸು.