ಡ್ರೈನೇಜ್ ಲೈನಿಗೆ ಯಾವ ಬಣ್ಣ ಕೊಡಬೇಕು?

ಪ್ರಶ್ನೆ: “ಸರ್, ಚಿಕ್ಕ ಮನೆಯೊಂದರ ಪ್ಲಂಬಿಂಗ್ ಪ್ಲಾನ್ ಕ್ಯಾಡ್‌ನಲ್ಲಿ ಬಿಡಿಸುತ್ತಿದ್ದೇನೆ. ಸಿಂಬಲ್‌ಗಳೆಲ್ಲ ಸಿಕ್ಕಿವೆ. ಸಾಯಿಲ್ ಪೈಪ್, ವೇಸ್ಟ್ ಪೈಪ್, ಮಳೆನೀರಿನ ಪೈಪ್, ತಣ್ಣೀರು, ಬಿಸಿನೀರು, ಇವಕ್ಕೆ ಸ್ಟ್ಯಾಂಡರ್ಡ್ ಬಣ್ಣಗಳು ಯಾವುವು?”

ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಉತ್ತರ ಒಂದೇ ಸಾಲಿನದು: ಬಣ್ಣ ನಿಮ್ಮಿಷ್ಟ, ಆದರೆ ಪೈಪನ್ನು ಬಣ್ಣದಿಂದ ಗುರುತಿಸಬೇಡಿ. ಗೆರೆಯ ಮಾದರಿಯಿಂದ ಮತ್ತು ಗೆರೆಯ ಮೇಲಿನ ಅಕ್ಷರದಿಂದ ಗುರುತಿಸಿ. ಹೀಗೆ ಹೇಳಿದ ಮರುಕ್ಷಣವೇ “ಆದ್ರೂ ಸರ್, ನೀಲಿ ಅಂದ್ರೆ ತಣ್ಣೀರೇ ಅಲ್ವಾ?” ಅನ್ನುತ್ತಾರೆ. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ನಂಬಿಕೆ ಹುಟ್ಟಿದ್ದು ಎಲ್ಲಿ ಅಂತ ಮೊದಲು ನೋಡೋಣ. ಹಳೆಯ ಪೆನ್ ಪ್ಲಾಟರ್‌ಗಳಲ್ಲಿ ಒಂದೊಂದು ಬಣ್ಣದ ನಂಬರಿಗೆ ಒಂದೊಂದು ಪೆನ್ ಇರುತ್ತಿತ್ತು. ಕೆಂಪು ಅಂದರೆ 1ನೇ ಪೆನ್, ಹಳದಿ ಅಂದರೆ 2ನೇ ಪೆನ್. ಆ ಪೆನ್ನುಗಳ ಮೊನೆ ಬೇರೆ ಬೇರೆ ದಪ್ಪದ್ದು. ಅಂದರೆ ತೆರೆಯ ಮೇಲಿನ ಬಣ್ಣ ಹೇಳುತ್ತಿದ್ದುದು ಗೆರೆ ಎಷ್ಟು ದಪ್ಪ ಬರಬೇಕು ಅನ್ನೋದನ್ನ, ಪೈಪಿನ ಒಳಗೆ ಏನು ಹರಿಯುತ್ತದೆ ಅನ್ನೋದನ್ನಲ್ಲ. ಪ್ಲಾಟರ್ ಹೋಯಿತು, ಅದರ ಅಭ್ಯಾಸ ಮಾತ್ರ .ctb ಫೈಲಿನ ರೂಪದಲ್ಲಿ ಉಳಿಯಿತು. ಇವತ್ತಿಗೂ ಆ ಫೈಲು ಮಾಡುವ ಮುಖ್ಯ ಕೆಲಸ ಇಷ್ಟೇ: ಈ ನಂಬರಿನ ಬಣ್ಣಕ್ಕೆ ಕಾಗದದ ಮೇಲೆ ಎಷ್ಟು ದಪ್ಪದ, ಯಾವ ಬಣ್ಣದ ಗೆರೆ ಅಂತ ಹೇಳುವುದು. ಈ ಕೊಂಡಿ ಯಾವಾಗಲೋ ಮರೆತುಹೋಗಿ, ಬಣ್ಣವೇ ಪೈಪಿನ ಗುರುತು ಅನ್ನುವ ಪಾಠ ಮಾತ್ರ ಉಳಿದುಕೊಂಡಿದೆ. ಕಾರ್ಖಾನೆಗಳಲ್ಲಿ ನಿಜವಾದ ಪೈಪುಗಳಿಗೆ ಬಳಿಯುವ ಬಣ್ಣದ ಪದ್ಧತಿ ಬೇರೆಯೇ ವಿಷಯ. ಅದನ್ನೂ ಇದರ ಜೊತೆ ಕಲಸಿಬಿಟ್ಟಿದ್ದಾರೆ.

ಈಗ ಡ್ರಾಯಿಂಗ್ ಪ್ರಿಂಟ್‌ಗೆ ಹೋಗುತ್ತದೆ. ಸೈಟಿಗೆ ಹೋಗುವ ಪ್ರತಿ ಬಹುತೇಕ ಕಪ್ಪು-ಬಿಳುಪು. monochrome.ctb ಆರಿಸಿದ ಕೂಡಲೇ ನಿಮ್ಮ ಕೆಂಪು, ನೀಲಿ, ಹಸಿರು ಎಲ್ಲವೂ ಕಪ್ಪು. ಐದು ಬಗೆಯ ಪೈಪು, ಐದೂ ಒಂದೇ ಥರದ ಕಪ್ಪು ಗೆರೆ. grayscale.ctb ಆರಿಸಿದರೆ ಇನ್ನೂ ಕಷ್ಟ: ಹಳದಿ ಗೆರೆ ಬಿಳಿ ಕಾಗದದಲ್ಲಿ ಹೆಚ್ಚೂಕಡಿಮೆ ಮಾಯ. ಬಣ್ಣದ ಪ್ರಿಂಟ್ ತೆಗೆದರೂ ಅದನ್ನು ಯಾರೋ ಜೆರಾಕ್ಸ್ ಮಾಡಿಸುತ್ತಾರೆ. ಕೆಂಪು-ಹಸಿರಿನ ವ್ಯತ್ಯಾಸ ಕಣ್ಣಿಗೆ ತಿಳಿಯದ ಜನರೂ ಇದ್ದಾರೆ, ಅವರಲ್ಲಿ ಪ್ಲಂಬರ್‌ಗಳೂ ಇರುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ದಂಡ ಕಟ್ಟಿಯೇ ಕಲಿತೆ. ಮಳೆನೀರಿನ ಪೈಪು ಹಸಿರು, ವೇಸ್ಟ್ ಪೈಪು ಕಂದು, ತೆರೆಯ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಕಟ್ಟಡದ ಹಿಂಬದಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಸಾಗಿ ಒಂದು ಇನ್ಸ್‌ಪೆಕ್ಷನ್ ಚೇಂಬರ್ ಹತ್ತಿರ ಹಾದುಹೋಗುತ್ತಿದ್ದವು. ಸೈಟಿಗೆ ಹೋಗಿದ್ದು ಕಪ್ಪು ಪ್ರತಿ. ಕೆಲಸದವರು ಎರಡನ್ನೂ ಅದೇ ಚೇಂಬರಿಗೆ ಸೇರಿಸಿಬಿಟ್ಟರು. ಮೊದಲ ಜೋರು ಮಳೆಗೆ ಚಾವಣಿಯ ನೀರೆಲ್ಲ ಆ ಚೇಂಬರಿಗೆ ನುಗ್ಗಿತು. ಹೊರಹೋಗುವ ಪೈಪಿಗೆ ಅಷ್ಟು ನೀರು ಎಳೆಯಲು ಆಗಲಿಲ್ಲ. ಕೊಳೆನೀರು ಹಿಂದಕ್ಕೆ ಒತ್ತಿ ಬಚ್ಚಲಿನ ಫ್ಲೋರ್ ಟ್ರ್ಯಾಪಿನಿಂದ ಮೇಲೆ ಬಂತು. ತಪ್ಪು ಕೆಲಸದವರದ್ದು ಅಂತ ಎರಡು ದಿನ ವಾದಿಸಿದೆ. ಮೂರನೆಯ ದಿನ ಆ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಯಾವುದು ಯಾವ ಪೈಪು ಅಂತ ನನಗೇ ಗೊತ್ತಾಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಗೆರೆಯ ಒಳಗೇ ಅಕ್ಷರ ಬರುವ ಲೈನ್‌ಟೈಪ್ ಬಳಸಿ. ಆಟೋಕ್ಯಾಡ್ ಜೊತೆ ಬರುವ acadiso.lin ಫೈಲಿನಲ್ಲಿ HOT_WATER_SUPPLY ಅಂತ ಒಂದು ಗೆರೆ ಸಿದ್ಧವಾಗಿಯೇ ಇದೆ, ನಡುನಡುವೆ HW ಅಂತ ಬರುತ್ತದೆ. ಅದನ್ನೇ ನಕಲು ಮಾಡಿ ಅಕ್ಷರ ಬದಲಿಸಿದರೆ ಸಾಯಿಲ್ ಪೈಪಿನ ಗೆರೆ ತಯಾರು. ನೋಟ್‌ಪ್ಯಾಡ್‌ನಲ್ಲಿ ಬರೆದು .lin ಅಂತ ಉಳಿಸಿ:

```
*SOIL,Soil pipe ---- SP ---- SP ----
A,12.7,-5.08,["SP",STANDARD,S=2.54,U=0.0,X=-2.54,Y=-1.27],-5.08
```

ಓದುವುದು ಸುಲಭ. 12.7 ಮಿ.ಮೀ. ಗೆರೆ, ಆಮೇಲೆ ಮೈನಸ್ ಗುರುತಿನ 5.08 ಅಂದರೆ ಖಾಲಿ ಜಾಗ, ಅಲ್ಲಿ 2.54 ಮಿ.ಮೀ. ಎತ್ತರದ SP, ಮತ್ತೆ 5.08 ಖಾಲಿ. U=0.0 ಇರುವುದರಿಂದ ಗೆರೆಯನ್ನು ಬಲದಿಂದ ಎಡಕ್ಕೆ ಎಳೆದರೂ ಅಕ್ಷರ ತಲೆಕೆಳಗಾಗುವುದಿಲ್ಲ. ಹಳೆಯ ಫೈಲುಗಳಲ್ಲಿ ಅಲ್ಲಿ R=0.0 ಇರುತ್ತದೆ, ಅದು ತಲೆಕೆಳಗಾಗುತ್ತದೆ. ವೇಸ್ಟ್ ಪೈಪಿಗೆ WP, ವೆಂಟ್‌ಗೆ VP, ಮಳೆನೀರಿಗೆ RWP, ತಣ್ಣೀರಿಗೆ CW ಅಂತ ಇದೇ ರೀತಿ ಮಾಡಿಕೊಳ್ಳಿ. RWP ಮೂರಕ್ಷರ, ಆದ್ದರಿಂದ ಅದಕ್ಕೆ ಖಾಲಿ ಜಾಗ ಸ್ವಲ್ಪ ಜಾಸ್ತಿ ಬೇಕು.

ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, STANDARD ಅನ್ನುವ ಟೆಕ್ಸ್ಟ್ ಸ್ಟೈಲಿಗೆ ಮೊದಲೇ ಎತ್ತರ ಕೊಟ್ಟಿದ್ದರೆ ಅದು 2.54ರ ಜೊತೆ ಗುಣವಾಗುತ್ತದೆ, ಅಕ್ಷರ ರಾಕ್ಷಸನ ಹಾಗೆ ಕಾಣುತ್ತದೆ. ಆ ಸ್ಟೈಲಿನ ಎತ್ತರ ಸೊನ್ನೆಯೇ ಇರಲಿ. ಇನ್ನೊಂದು, ಪೈಪನ್ನು ಪಾಲಿಲೈನ್‌ನಲ್ಲಿ ಎಳೆದಾಗ ಪ್ರತಿ ತಿರುವಿನಲ್ಲೂ ಮಾದರಿ ಹೊಸದಾಗಿ ಶುರುವಾಗುತ್ತದೆ. ತುಂಡುಗಳು ಗಿಡ್ಡವಾಗಿದ್ದರೆ ಅಕ್ಷರವೇ ಬರುವುದಿಲ್ಲ, ಸುಮ್ನೆ ಗಟ್ಟಿ ಗೆರೆ ಕಾಣುತ್ತದೆ. ಎಳೆಯುವ ಮೊದಲೇ PLINEGEN ಅನ್ನು 1 ಮಾಡಿಕೊಂಡರೆ ಮಾದರಿ ತಿರುವು ದಾಟಿ ಮುಂದುವರಿಯುತ್ತದೆ.

ಮೂರನೆಯದು ಸ್ಕೇಲ್, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಕಟ್ಟಡವನ್ನು ಮಿಲಿಮೀಟರಿನಲ್ಲಿ ನಿಜ ಅಳತೆಗೆ ಬಿಡಿಸಿ, 1:50ಕ್ಕೆ ಪ್ರಿಂಟ್ ತೆಗೆಯುತ್ತೀರಿ ಅಂದುಕೊಳ್ಳಿ. LTSCALE, PSLTSCALE, MSLTSCALE ಮೂರನ್ನೂ 1ಕ್ಕೆ ಇಟ್ಟು, ಅನೋಟೇಶನ್ ಸ್ಕೇಲನ್ನು 1:50 ಮಾಡಿ. ಆಗ ಮಾದರಿ ಕಾಗದದ ಮೇಲೆ ಹೇಳಿದ ಅಳತೆಗೇ ಬರುತ್ತದೆ. ಒಂದು ಸುತ್ತು ಮಾದರಿ ಅಂದರೆ 12.7, 5.08, 5.08 ಸೇರಿ 22.86 ಮಿ.ಮೀ. 1:50ರಲ್ಲಿ ಅದು ಕಟ್ಟಡದ ಮೇಲೆ 1143 ಮಿ.ಮೀ. ಅಂದರೆ ಸುಮಾರು 1.1 ಮೀಟರಿಗಿಂತ ಗಿಡ್ಡವಾದ ಪೈಪಿನ ಮೇಲೆ SP ಕಾಣಿಸುವುದೇ ಇಲ್ಲ. ಕಮೋಡಿನಿಂದ ಶಾಫ್ಟ್‌ವರೆಗಿನ ಅರ್ಧ ಮೀಟರ್ ತುಂಡಿಗೆ ಅಕ್ಷರ ಬರಲಿಲ್ಲ ಅಂದರೆ ಫೈಲು ಕೆಟ್ಟಿದೆ ಅಂತಲ್ಲ. ಸ್ಕೇಲನ್ನು ಕುಗ್ಗಿಸಲು ಹೋಗಬೇಡಿ, ಅಕ್ಷರವೂ ಕುಗ್ಗಿ ಓದಲು ಆಗದಂತಾಗುತ್ತದೆ. ಅಂಥ ಗಿಡ್ಡ ತುಂಡುಗಳಿಗೆ ಲೀಡರ್ ಎಳೆದು “110 ಸಾಯಿಲ್” ಅಂತ ಕೈಯಾರೆ ಬರೆದುಬಿಡಿ.

“ಸ್ಟ್ಯಾಂಡರ್ಡ್ ಸಿಂಬಲ್ ಬಳಸಿದ್ದೀನಲ್ಲ, ಲೆಜೆಂಡ್ ಯಾಕೆ?” ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಸ್ಟ್ಯಾಂಡರ್ಡ್ ಅನ್ನೋದು ಒಂದೇ ಇಲ್ಲ. ಒಂದು ಪದ್ಧತಿಯಲ್ಲಿ ವೆಂಟ್ ಪೈಪು ತುಂಡು ಗೆರೆ, ತಣ್ಣೀರು ಗೆರೆ-ಚುಕ್ಕೆ, ಬಿಸಿನೀರು ಗೆರೆ-ಎರಡು ಚುಕ್ಕೆ. ಇನ್ನೊಂದರಲ್ಲಿ ಎಲ್ಲಕ್ಕೂ ಅಕ್ಷರ. ಗಲ್ಲಿ ಟ್ರ್ಯಾಪಿನ ಚೌಕವನ್ನು ಚಿಕ್ಕ ಚೇಂಬರ್ ಅಂದುಕೊಂಡವರನ್ನು ನಾನೇ ನೋಡಿದ್ದೇನೆ. ಅದಕ್ಕೇ ಚೌಕದ ಪಕ್ಕ GT, IC ಅಂತ ಬರೆಯುವುದು. ಶೀಟಿನಲ್ಲಿ ಬಳಸಿದ ಗೆರೆ, ಸಿಂಬಲ್ ಮಾತ್ರ ಲೆಜೆಂಡಿನಲ್ಲಿರಲಿ. ಡೌನ್‌ಲೋಡ್ ಮಾಡಿದ ಎಂಬತ್ತು ಸಿಂಬಲ್‌ಗಳ ಪಟ್ಟಿ ಅಂಟಿಸಿದರೆ ಅದನ್ನು ಯಾರೂ ಓದುವುದಿಲ್ಲ.

ಸರಿಯಾಗಿದೆಯಾ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. monochrome.ctb ಹಾಕಿ ಒಂದು ಪ್ರತಿ ಪ್ರಿಂಟ್ ತೆಗೆಯಿರಿ. ಅಡುಗೆಮನೆಯ ಸಿಂಕಿನ ಮೇಲೆ ಬೆರಳಿಟ್ಟು ಶುರುಮಾಡಿ: ಸಿಂಕ್, ವೇಸ್ಟ್ ಪೈಪು, ಗಲ್ಲಿ ಟ್ರ್ಯಾಪ್, ಅಲ್ಲಿಂದ ಮೊದಲ ಚೇಂಬರ್, ಎರಡನೆಯದು, ಬೀದಿಯ ಒಳಚರಂಡಿ. ಮಳೆನೀರಿನ ಪೈಪನ್ನೂ ಹೀಗೇ ಚಾವಣಿಯಿಂದ ಕೊನೆತನಕ ಹಿಂಬಾಲಿಸಿ. ಎಲ್ಲಾದರೂ ಬೆರಳು ನಿಂತು ಕಂಪ್ಯೂಟರ್ ಕಡೆ ನೋಡಬೇಕಾಯಿತು ಅಂದರೆ, ಆ ಜಾಗದಲ್ಲಿ ಗೆರೆಗೆ ಹೆಸರಿಲ್ಲ ಅಂತ ಅರ್ಥ.

ಬೆರಳು ಹೀಗೆ ಹರಿಯುವ ದಿಕ್ಕಿನಲ್ಲೇ ಹೋಗುತ್ತಿರುವಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪೈಪಿನ ಪಕ್ಕ “1:40” ಅಂತ ಇಳಿಜಾರು ಬರೆದು, ಬಾಣ ಹಾಕಿ, ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಚೇಂಬರಿನ ಇನ್ವರ್ಟ್ ಲೆವೆಲ್, ಅಂದರೆ ಪೈಪಿನ ಒಳತಳದ ಮಟ್ಟ, ಬರೆದಿರುವುದಿಲ್ಲ. ಅದಿಲ್ಲದಿದ್ದರೆ ಆ 1:40 ಸಾಧ್ಯವೋ ಇಲ್ಲವೋ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಚಿಕ್ಕ ಮನೆ ತೆಗೆದುಕೊಳ್ಳೋಣ. ಅಂಗಳದ ಮಟ್ಟ 0.000. ಮೊದಲ ಚೇಂಬರಿನ ಇನ್ವರ್ಟ್ −0.450. ಅಲ್ಲಿಂದ ಎರಡನೆಯದಕ್ಕೆ 6 ಮೀಟರ್, ಅಲ್ಲಿಂದ ಬೀದಿಯ ಜೋಡಣೆಗೆ 10 ಮೀಟರ್. 1:40 ಅಂದರೆ 6 ಮೀಟರಿಗೆ 0.150 ಇಳಿಯಬೇಕು, ಎರಡನೆಯ ಚೇಂಬರ್ −0.600. ಮುಂದಿನ 10 ಮೀಟರಿಗೆ 0.250, ಕೊನೆ −0.850. ಆದರೆ ಬೀದಿಯಲ್ಲಿ ಜೋಡಿಸಬೇಕಾದ ಬಿಂದುವಿನ ಮಟ್ಟ ಅಳೆದು ನೋಡಿದರೆ −0.800. ನಿಮ್ಮ ಪೈಪು ಅದಕ್ಕಿಂತ 50 ಮಿ.ಮೀ. ಕೆಳಗೆ ಹೋಗಿ ನಿಂತಿದೆ. ಕಾಗದದ ಮೇಲೆ ಗೆರೆ ಸೇರುತ್ತದೆ, ಮಣ್ಣಿನಲ್ಲಿ ಸೇರುವುದಿಲ್ಲ.

ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಬೇಕು. ಸಿಗುವ ಇಳಿತ −0.450ರಿಂದ −0.800ಕ್ಕೆ, ಅಂದರೆ 0.350 ಮೀ. ಒಟ್ಟು ಉದ್ದ 16 ಮೀಟರ್. ಭಾಗಿಸಿದರೆ 1:46ರ ಆಸುಪಾಸು. ಸ್ವಲ್ಪ ಕೈ ಹಿಡಿದು 1:50 ಇಟ್ಟರೆ ಎರಡನೆಯ ಚೇಂಬರ್ −0.570, ಬೀದಿಯ ಹತ್ತಿರ −0.770. ಜೋಡಣೆಗೆ 30 ಮಿ.ಮೀ. ಉಳಿಯುತ್ತದೆ. ಆ ವ್ಯಾಸದ ಪೈಪಿಗೆ ಅಷ್ಟು ಇಳಿಜಾರು ಸಾಕೇ ಅಂತ ನಿಮಗೆ ಅನ್ವಯಿಸುವ ನಿಯಮದಲ್ಲಿ ನೋಡಿಕೊಳ್ಳಿ. ಸಾಲದಿದ್ದರೆ ಮೊದಲ ಚೇಂಬರನ್ನು ಮೇಲೆತ್ತಬೇಕು ಅಥವಾ ದಾರಿ ಗಿಡ್ಡ ಮಾಡಬೇಕು.

ಪ್ರತಿ ಚೇಂಬರಿನ ಪಕ್ಕ ಮೂರು ಸಾಲು ಬರೆಯಿರಿ: ನೆಲದ ಮಟ್ಟ, ಇನ್ವರ್ಟ್ ಮಟ್ಟ, ಆಳ. ಎರಡನೆಯ ಚೇಂಬರಿಗೆ 0.000, −0.570, 0.570. ಅಗೆಯುವವರು ಮೊದಲು ಹುಡುಕುವುದು ಆ ಕೊನೆಯ ಸಾಲನ್ನೇ.