ಕಾಂಟ್ರಾಕ್ಟ್ ವಿಳಾಸಕ್ಕೇ ಹೋದ ಟೋಕನ್ ಏಕೆ ಮರಳುವುದಿಲ್ಲ

ಕಳೆದ ವರ್ಷ ಮೈಸೂರಿನ ಯುವಕನೊಬ್ಬ ನನ್ನೆದುರು ಮೊಬೈಲ್ ಹಿಡಿದು ಕುಳಿತಿದ್ದ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ Success ಎಂದಿತ್ತು. "ಸರ್, ವ್ಯವಹಾರ ಆಗಿದೆ ಎಂದೇ ತೋರಿಸುತ್ತಿದೆ. ಆದರೆ ನನ್ನ ಈಥರ್ ಬಂದಿಲ್ಲ" ಎಂದ. ಅವನು ತನ್ನ 2 WETH ಟೋಕನ್‌ಗಳನ್ನು, ಆ ಟೋಕನ್ ನಡೆಸುವ ಪ್ರೋಗ್ರಾಮ್ ಆದ WETH ಕಾಂಟ್ರಾಕ್ಟ್‌ನ ವಿಳಾಸಕ್ಕೇ ಕಳುಹಿಸಿದ್ದ.

ಅವನನ್ನು ಅಜಾಗರೂಕ ಎನ್ನಲಾರೆ. ಇಥೀರಿಯಂನಲ್ಲಿ ಈ ಕಾಂಟ್ರಾಕ್ಟ್‌ನ ಕೆಲಸವೇ ಈಥರ್ ತೆಗೆದಿಟ್ಟುಕೊಂಡು ಅಷ್ಟೇ ಮೊತ್ತದ WETH ಕೊಡುವುದು. ಅದರ ವಿಳಾಸಕ್ಕೆ ಬರೀ ಈಥರ್ ಕಳುಹಿಸಿದರೂ ಸಾಕು, WETH ತಾನಾಗಿ ಕೈಸೇರುತ್ತದೆ. ಹಾಗಿದ್ದ ಮೇಲೆ WETH ಹಿಂದಿರುಗಿಸಿದರೆ ಈಥರ್ ಬರಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. 2022ರ ಆರಂಭದಲ್ಲಿ ಒಬ್ಬರು ಹೀಗೆಯೇ ಸುಮಾರು 195 WETH ಕಳೆದುಕೊಂಡರು.

ಎಡವಟ್ಟು ಎಲ್ಲಿದೆ ಎಂದರೆ, ಈಥರ್ ಬಂದಾಗ WETH ಕೊಡುವ ಕೋಡ್ ಎಚ್ಚರಗೊಳ್ಳುತ್ತದೆ; ಟೋಕನ್ ಬಂದಾಗ ಈಥರ್ ಹಿಂದಿರುಗಿಸುವ ಕೋಡ್ ಎಚ್ಚರಗೊಳ್ಳುವುದಿಲ್ಲ. ನಿಜಕ್ಕೂ ಟೋಕನ್ ಎಲ್ಲಿಗೂ "ಹೋಗುವುದೇ" ಇಲ್ಲ. ಕಾಂಟ್ರಾಕ್ಟ್ ಒಳಗೆ ಒಂದು ಲೆಕ್ಕದ ಪುಸ್ತಕವಿದೆ, ಯಾವ ವಿಳಾಸಕ್ಕೆ ಎಷ್ಟು ಎಂಬುದಷ್ಟೇ ಅದರಲ್ಲಿ ಬರೆದಿರುತ್ತದೆ. ವರ್ಗಾವಣೆ ಎಂದರೆ ಈ ಎರಡು ಸಾಲು:

```
balanceOf[src] -= wad;
balanceOf[dst] += wad;
```

ಇಲ್ಲಿ `dst`, ಅಂದರೆ ಪಡೆಯುವ ವಿಳಾಸ, ಯಾರದು ಎಂದು ಯಾರೂ ಕೇಳುವುದಿಲ್ಲ. ಯುವಕನ ಹೆಸರಿನಿಂದ 2 ಕಳೆಯಿತು, ಕಾಂಟ್ರಾಕ್ಟ್‌ನ ಸ್ವಂತ ವಿಳಾಸದ ಎದುರು 2 ಸೇರಿತು. ಲೆಕ್ಕ ಸರಿಯಾಗಿದೆ, ಆದ್ದರಿಂದಲೇ ಹಸಿರು Success.

ಈಗ ಆ 2 ಅನ್ನು ಹೊರತೆಗೆಯುವವರು ಯಾರು? ಪುಸ್ತಕದ ನಿಯಮದಂತೆ, ಒಂದು ವಿಳಾಸದ ಮೊತ್ತವನ್ನು ಆ ವಿಳಾಸವೇ ಕೇಳಬೇಕು ಅಥವಾ ಅದು ಮೊದಲೇ ಅನುಮತಿ ಕೊಟ್ಟವರು ಕೇಳಬೇಕು. ಇಲ್ಲಿ ಕೇಳಬೇಕಾದದ್ದು ಕಾಂಟ್ರಾಕ್ಟೇ. ಅದು ತನ್ನ ಕೋಡ್‌ನಲ್ಲಿ ಬರೆದದ್ದನ್ನು ಮಾತ್ರ ಮಾಡಬಲ್ಲದು. ತನ್ನ ಹೆಸರಿನ ಮೊತ್ತವನ್ನು ಬೇರೆಯವರಿಗೆ ಕೊಡು ಎಂಬ ಸಾಲು WETH ಕೋಡ್‌ನಲ್ಲಿ ಇಲ್ಲವೇ ಇಲ್ಲ. 2017ರಲ್ಲಿ ಜಾಲಕ್ಕೆ ಏರಿದ ಆ ಕೋಡ್‌ಗೆ ಒಡೆಯನಿಲ್ಲ, ಅದನ್ನು ತಿದ್ದುವ ದಾರಿಯೂ ಇಲ್ಲ. ಒತ್ತೆಯಾಗಿದ್ದ 2 ಈಥರ್ ಕೂಡ ಅದರೊಳಗೇ ಉಳಿಯಿತು.

"ಆ ವಿಳಾಸದ ಪ್ರೈವೇಟ್ ಕೀ ಯಾರ ಬಳಿಯಾದರೂ ಇರಬೇಕಲ್ಲವೇ?" ಎಂದು ಯುವಕ ಕೇಳಿದ. ಇಲ್ಲ. ನಿಮ್ಮ ವ್ಯಾಲೆಟ್ ವಿಳಾಸ ಕೀಯಿಂದ ಹುಟ್ಟುತ್ತದೆ. ಇಂಥ ಕಾಂಟ್ರಾಕ್ಟ್‌ನ ವಿಳಾಸ ಹುಟ್ಟುವುದು ಅದನ್ನು ಏರಿಸಿದವರ ವಿಳಾಸ ಮತ್ತು ಅವರ ವ್ಯವಹಾರದ ಕ್ರಮಸಂಖ್ಯೆಯನ್ನು ಸೇರಿಸಿ ಮಾಡಿದ ಹ್ಯಾಶ್‌ನಿಂದ. ಏರಿಸಿದವರ ಕೀಯೂ ಈ ಬೀಗಕ್ಕೆ ಹೊಂದುವುದಿಲ್ಲ. ಹೇಗೋ ಹೊಂದುವ ಕೀ ಸಿಕ್ಕಿತು ಎಂದುಕೊಂಡರೂ, ಇಂಥ ಕಾಂಟ್ರಾಕ್ಟ್ ಕೋಡ್ ಇರುವ ವಿಳಾಸದಿಂದ ಸಹಿ ಮಾಡಿ ಬಂದ ವ್ಯವಹಾರವನ್ನು ಜಾಲ ತಿರಸ್ಕರಿಸುತ್ತದೆ. EIP-3607 ಎಂಬ ನಿಯಮ ಇರುವುದೇ ಅದಕ್ಕಾಗಿ.

ಅವನು ಮಾಡಬೇಕಿದ್ದದ್ದು `withdraw` ಎಂಬ ಕಾರ್ಯವನ್ನು ಕರೆಯುವುದು. ಎಷ್ಟೋ ವ್ಯಾಲೆಟ್‌ಗಳಲ್ಲಿ Unwrap ಎಂಬ ಗುಂಡಿ ಇದನ್ನೇ ಮಾಡುತ್ತದೆ. ನೇರವಾಗಿ ಕರೆಯುವುದಾದರೆ, ಲೆಕ್ಕ ಈಥರ್‌ನ ಅತಿ ಚಿಕ್ಕ ಘಟಕದಲ್ಲಿ ಇರುವುದರಿಂದ, 2 ಎಂದು ಬರೆಯಬಾರದು, 2ರ ಮುಂದೆ 18 ಸೊನ್ನೆ ಹಾಕಬೇಕು.

ನಿಮ್ಮ ಪ್ರಕರಣವೂ ಇದೇನಾ ಎಂದು ತಿಳಿಯಲು, ಜಾಲದ ವ್ಯವಹಾರಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ತಾಣದಲ್ಲಿ ಆ ವ್ಯವಹಾರವನ್ನು ತೆರೆಯಿರಿ. ಮೇಲಿನ To ವಿಳಾಸ ಮತ್ತು ಕೆಳಗಿನ Transfer ದಾಖಲೆಯಲ್ಲಿ ಟೋಕನ್ ಪಡೆದವರ ವಿಳಾಸ ಒಂದೇ ಆಗಿದ್ದರೆ, ಟೋಕನ್ ಸಿಕ್ಕಿಕೊಂಡಿರುವುದು ಅದರ ಕಾಂಟ್ರಾಕ್ಟ್‌ನಲ್ಲಿಯೇ.

ಎಲ್ಲ ಟೋಕನ್‌ಗಳ ಕಥೆಯೂ ಇದೇ ಅಲ್ಲ. USDC ಯನ್ನು ನಡೆಸುವ ಕಂಪನಿ ತನ್ನ ಕೋಡ್ ಬದಲಿಸಬಲ್ಲದು. 2.1ನೇ ಆವೃತ್ತಿಗೆ ಬದಲಿಸುವಾಗ, ಕಾಂಟ್ರಾಕ್ಟ್‌ನ ಹೆಸರಿನಲ್ಲಿ ಸಿಕ್ಕಿಬಿದ್ದಿದ್ದ ಮೊತ್ತವನ್ನು `lostAndFound` ಎಂಬ ವಿಳಾಸಕ್ಕೆ ಸಾಗಿಸುವ, ಬಳಿಕ ಕಾಂಟ್ರಾಕ್ಟ್ ವಿಳಾಸವನ್ನೇ ಕಪ್ಪುಪಟ್ಟಿಗೆ ಸೇರಿಸುವ ಸಾಲುಗಳನ್ನು ಬರೆದರು. ಆ ಬಳಿಕ ಅಂಥ ವರ್ಗಾವಣೆ ಆರಂಭದಲ್ಲೇ ವಿಫಲವಾಗುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ಟೋಕನ್‌ಗೆ ಒಡೆಯನಿದ್ದಾನೆಯೇ, ಕೋಡ್ ಬದಲಿಸುವ ಅಥವಾ ಸಿಕ್ಕಿದ್ದನ್ನು ಬಿಡಿಸುವ ಅಧಿಕಾರ ಅವನಿಗಿದೆಯೇ ಎಂಬುದನ್ನು. ಇದ್ದರೆ ವ್ಯವಹಾರದ ಹ್ಯಾಶ್ ಸಮೇತ ಅವರಿಗೇ ಬರೆಯಬೇಕು. ಕೊಡುವುದು, ಬಿಡುವುದು ಅವರ ಇಚ್ಛೆ.

ಹೊಸ ಟೋಕನ್ ಬರೆಯುವವರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ. ಟೋಕನ್‌ಗಳು ಪಾಲಿಸುವ ERC-20 ನಿಯಮ ಇದನ್ನು ಕಡ್ಡಾಯ ಮಾಡಿಲ್ಲ, ಆದರೂ ವರ್ಗಾವಣೆಯ ಮೊದಲಲ್ಲಿ ಇಷ್ಟು ಬರೆಯಿರಿ:

```
require(to != address(this));
```

ಯುವಕ ಹೊರಡುವ ಮುನ್ನ ಇನ್ನೊಂದು ಸಂದೇಶ ತೋರಿಸಿದ. ಯಾರೋ ಅಪರಿಚಿತರು ಟೋಕನ್ ಬಿಡಿಸಿಕೊಡುವುದಾಗಿ ಹೇಳಿ, ಮುಂಗಡ ಶುಲ್ಕವನ್ನೂ ವ್ಯಾಲೆಟ್ ತೆರೆಯುವ 12 ರಹಸ್ಯ ಪದಗಳನ್ನೂ ಕೇಳಿದ್ದರು. ಅವನ ವ್ಯಾಲೆಟ್‌ನಲ್ಲಿ ಇನ್ನೂ ಸ್ವಲ್ಪ ಈಥರ್ ಉಳಿದಿತ್ತು. ಆ ಅಪರಿಚಿತರ ಫೋನ್ ಸಂಖ್ಯೆಯನ್ನು ನನ್ನೆದುರೇ ಬ್ಲಾಕ್ ಮಾಡಿಸಿ ಕಳುಹಿಸಿದೆ.