ಕುಕ್ಕರ್ ಒಳಗಿನ ಇಪ್ಪತ್ತೆರಡು ಡಿಗ್ರಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕುಕ್ಕರಿನಲ್ಲಿ ಅದೇ ನೀರು ಸುಮಾರು 119 ಡಿಗ್ರಿಗೆ ಏರುತ್ತದೆ. ವ್ಯತ್ಯಾಸ ಬರೀ 22 ಡಿಗ್ರಿ. ಆದರೂ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ತೊಗರಿಬೇಳೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಬೆಂದಿರುತ್ತದೆ.

ಬೇಳೆ ಬೇಯುವುದೆಂದರೆ ಮುಖ್ಯವಾಗಿ ಅದರ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಟ್ಟುಕೊಳ್ಳುವುದು. ಪೆಕ್ಟಿನ್ ಉದ್ದನೆಯ ಸರಪಳಿಯಂಥ ಅಣು. ಅದಕ್ಕೆ ನೀರಿನಲ್ಲಿರುವ ಕಣಗಳು ಬಂದು ಡಿಕ್ಕಿ ಹೊಡೆದಾಗ ಕೊಂಡಿಗಳು ತುಂಡಾಗುತ್ತವೆ. ರಾಸಾಯನಿಕ ಕ್ರಿಯೆ ನಡೆಯಬೇಕಾದರೆ ಕಣಗಳು ಒಂದಕ್ಕೊಂದು ತಾಗಲೇಬೇಕು, ಅದೂ ಸರಿಯಾದ ಜಾಗದಲ್ಲಿ, ಸಾಕಷ್ಟು ಜೋರಾಗಿ ತಾಗಬೇಕು ಎನ್ನುವುದೇ ಸಂಘಟ್ಟನೆ ಸಿದ್ಧಾಂತ. ಜರ್ಮನಿಯ ಮ್ಯಾಕ್ಸ್ ಟ್ರೌಟ್ಜ್ 1916ರಲ್ಲಿ, ಇಂಗ್ಲೆಂಡಿನ ವಿಲಿಯಂ ಲೂಯಿಸ್ 1918ರಲ್ಲಿ ಬೇರೆಬೇರೆಯಾಗಿಯೇ ಇದನ್ನು ಮಂಡಿಸಿದರು. ಅವರು ಲೆಕ್ಕ ಹಾಕಿದ್ದು ಅನಿಲಗಳಿಗೆ. ನೀರಿನಲ್ಲಿ ಕಣಗಳ ಓಡಾಟ ಅಷ್ಟು ಸರಳವಲ್ಲ, ಆದರೆ ತಿರುಳು ಬದಲಾಗುವುದಿಲ್ಲ.

ಬಿಸಿ ಹೆಚ್ಚಾದರೆ ಕಣಗಳು ವೇಗವಾಗಿ ಓಡುತ್ತವೆ, ಹೆಚ್ಚು ಸಲ ಡಿಕ್ಕಿಯಾಗುತ್ತವೆ, ಅದಕ್ಕೇ ಬೇಗ ಬೇಯುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. ಕಣಗಳ ವೇಗ ಕೆಲ್ವಿನ್ ಉಷ್ಣಾಂಶದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 97 ಡಿಗ್ರಿ ಎಂದರೆ 370 ಕೆಲ್ವಿನ್, 119 ಎಂದರೆ 392. ಅಂದರೆ ವೇಗ ಹೆಚ್ಚಾಗುವುದು ಶೇಕಡಾ 3ರಷ್ಟು ಮಾತ್ರ. ಇಷ್ಟರಿಂದ ಮುಕ್ಕಾಲು ಗಂಟೆಯಲ್ಲಿ ಒಂದೂವರೆ ನಿಮಿಷವೂ ಉಳಿಯದು.

ನಿಜವಾಗಿ ಬದಲಾಗುವುದು ಜೋರಾದ ಡಿಕ್ಕಿಗಳ ಪಾಲು. ಕೊಂಡಿ ಮುರಿಯಲು ಕನಿಷ್ಠ ಇಷ್ಟು ಶಕ್ತಿ ಬೇಕು ಎಂಬ ಮಿತಿಯಿದೆ, ಅದನ್ನು ಸಕ್ರಿಯಣ ಶಕ್ತಿ ಎನ್ನುತ್ತಾರೆ. ಬಹುಪಾಲು ಡಿಕ್ಕಿಗಳು ಆ ಮಿತಿ ಮುಟ್ಟದೆ ವ್ಯರ್ಥವಾಗುತ್ತವೆ. ದಾಟುವವು ಕೆಲವೇ ಕೆಲವು. ಉಷ್ಣಾಂಶ ಸ್ವಲ್ಪ ಏರಿದರೂ ಈ ಕೆಲವೇ ಕೆಲವು ಹಲವು ಪಟ್ಟಾಗುತ್ತವೆ. ಹತ್ತು ಡಿಗ್ರಿಗೆ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೆ, 22 ಡಿಗ್ರಿಗೆ ಅದು ಸುಮಾರು ನಾಲ್ಕೂವರೆ ಪಟ್ಟು. 45 ನಿಮಿಷ ಹತ್ತಕ್ಕೆ ಇಳಿಯುವುದು ಹೀಗೆ. ಎಲ್ಲ ಕ್ರಿಯೆಗಳೂ ಇದೇ ಲೆಕ್ಕಕ್ಕೆ ಒಗ್ಗುವುದಿಲ್ಲ. ಸಕ್ರಿಯಣ ಶಕ್ತಿ ಹೆಚ್ಚಿದ್ದಷ್ಟೂ ಬಿಸಿಯ ಪರಿಣಾಮವೂ ಹೆಚ್ಚು.

ಒಮ್ಮೆ ಕುಕ್ಕರ್ ಕೂಗಿದ ಮೇಲೆ ಉರಿ ಜೋರಾಗಿಟ್ಟರೆ ಏನೂ ಲಾಭವಿಲ್ಲ. ಒಳಗಿನ ಒತ್ತಡವನ್ನು ವೆಯ್ಟ್ ನಿಗದಿ ಮಾಡುತ್ತದೆ, ಒತ್ತಡ ಉಷ್ಣಾಂಶವನ್ನು. ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಹೊರಗೆ ಹೋಗುತ್ತದೆ. ಇನ್ನೊಂದು ತಪ್ಪು ಮುಚ್ಚಳ ಹಾಕಿದ ತಕ್ಷಣ ವೆಯ್ಟ್ ಇಡುವುದು. ಒಳಗಿನ ಗಾಳಿ ಹೊರಹೋಗದೆ ಉಳಿದರೆ ಒತ್ತಡದಲ್ಲಿ ಅದಕ್ಕೂ ಒಂದು ಪಾಲು ಸಿಗುತ್ತದೆ, ಅಷ್ಟರಮಟ್ಟಿಗೆ ಹಬೆಯ ಉಷ್ಣಾಂಶ ಕಡಿಮೆಯಾಗುತ್ತದೆ. ಕೂಗುಗಳ ಎಣಿಕೆ ಸರಿಯಿದ್ದರೂ ಬೇಳೆ ಗಟ್ಟಿಯಾಗಿಯೇ ಇರಬಹುದು. ತೂತಿನಿಂದ ಹಬೆ ಒಂದೇ ಸಮನೆ ಬರತೊಡಗಿದ ಮೇಲೆ ವೆಯ್ಟ್ ಇಡಬೇಕು.

ತಾಗುವುದಕ್ಕೆ ಮೊದಲು ತಲುಪಬೇಕಲ್ಲ. ಒಡೆದ ಬೇಳೆಯ ಮೇಲ್ಮೈ ಪೂರ್ತಿ ತೆರೆದಿರುತ್ತದೆ. ಇಡೀ ಕಡಲೆಕಾಳಿಗೆ ಸಿಪ್ಪೆ ಅಡ್ಡ, ದಪ್ಪವೂ ಹೆಚ್ಚು. ಅದನ್ನು ರಾತ್ರಿಯೇ ನೆನೆಸಿದರೆ ನೀರು ಮೊದಲೇ ಒಳಗೆ ಸೇರಿರುತ್ತದೆ. ನೆನೆಸದ ಕಾಳಿಗೆ ನಾಲ್ಕೂವರೆ ಪಟ್ಟಿನ ಲೆಕ್ಕ ಅನ್ವಯಿಸದು, ಅಲ್ಲಿ ತಡವಾಗುವುದು ನೀರು ಇಳಿಯುವುದರಲ್ಲಿ.

ಇನ್ನು ನೀರಿನಲ್ಲಿ ಏನಿದೆ ಎಂಬುದು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀರು ಕ್ಷಾರವಾಗಿ, ಪೆಕ್ಟಿನ್ ಕತ್ತರಿಸುವ ಹೈಡ್ರಾಕ್ಸೈಡ್ ಅಯಾನುಗಳ ಸಾಂದ್ರತೆ ಹೆಚ್ಚುತ್ತದೆ, ಡಿಕ್ಕಿಗಳೂ ಹೆಚ್ಚುತ್ತವೆ. ಸೋಡಾ ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಹುಣಸೆ ರಸ ಇದಕ್ಕೆ ತದ್ವಿರುದ್ಧ. ಬೇಳೆ ಬೆಂದ ಮೇಲೆಯೇ ಹುಳಿ ಹಾಕುವ ನಮ್ಮ ಅಡುಗೆಮನೆಯ ಕ್ರಮ ರಸಾಯನಶಾಸ್ತ್ರದ ದೃಷ್ಟಿಯಿಂದ ಪಕ್ಕಾ ಸರಿ. ಗಡಸಾದ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿಬಿಡುತ್ತದೆ.

ಇದನ್ನು ಒಂದೇ ಕುಕ್ಕರಿನಲ್ಲಿ ನೋಡಬಹುದು. ಮೂರು ಸಣ್ಣ ಬಟ್ಟಲುಗಳಿಗೆ ಎರಡೆರಡು ಚಮಚ ತೊಗರಿಬೇಳೆ, ಅರ್ಧರ್ಧ ಲೋಟ ನೀರು ಹಾಕಿ. ಒಂದಕ್ಕೆ ಚಿಟಿಕೆ ಸೋಡಾ, ಇನ್ನೊಂದಕ್ಕೆ ಒಂದು ಚಮಚ ಗಟ್ಟಿ ಹುಣಸೆ ರಸ ಬೆರೆಸಿ, ಮೂರನೆಯದನ್ನು ಹಾಗೇ ಬಿಡಿ. ತಳಕ್ಕೆ ಎರಡು ಲೋಟ ನೀರು ಹಾಕಿ ಬಟ್ಟಲುಗಳನ್ನಿಟ್ಟು, ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟು ಆರಿಸಿ. ಪೂರ್ತಿ ಬೇಯಿಸಿದರೆ ವ್ಯತ್ಯಾಸ ಅಷ್ಟಾಗಿ ಕಾಣದು. ಒತ್ತಡ ತಾನಾಗಿ ಇಳಿದ ಮೇಲೆ ತೆಗೆದು, ಒಂದೊಂದು ಬಟ್ಟಲಿನಿಂದ ಒಂದೊಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ: ಸೋಡಾದ್ದು ಬೆಣ್ಣೆಯಂತೆ ಮೆತ್ತಗಾಗಿರುತ್ತದೆ, ಹುಣಸೆಯದ್ದರಲ್ಲಿ ನಡುವೆ ಇನ್ನೂ ಗಟ್ಟಿ ಕಾಳು ಬೆರಳಿಗೆ ಸಿಗುತ್ತದೆ.